ಕೇಸ್ ಚರ್ಚೆಯ ಸಾರಾಂಶ: ಗ್ರೂಪಿನಲ್ಲಿ ನಡೆದ ಪ್ರಶ್ನೋತ್ತರ

ವಿದ್ಯಾರ್ಥಿನಿ: ಸರ್, ಜ್ವರದ ಕೇಸ್ ಚರ್ಚೆಯ ರೆಕಾರ್ಡಿಂಗನ್ನು ಜೂನಿಯರ್‌ಗಳಿಗೆ ಒಂದು ಪುಟದಲ್ಲಿ ಬರೆಯಬೇಕು. "ಸ್ಕ್ರಬ್ ಟೈಫಸ್, ಡಾಕ್ಸಿಸೈಕ್ಲಿನ್‌ನಿಂದ ಗುಣ" ಅಂತ ಶುರು ಮಾಡಿದ್ದೇನೆ. ಏನು ಇಡಲಿ, ಏನು ಬಿಡಲಿ?

ಡಾಕ್ಟರ್: ಮೊದಲು ಆ ಸಾಲು ತೆಗೆಯಿರಿ. ಉತ್ತರ ಗೊತ್ತಾದ ಮೇಲೆ ಓದುವವರು ಯೋಚನೆ ಮಾಡುವುದಿಲ್ಲ. ಮಾಹಿತಿ ನಮಗೆ ಸಿಕ್ಕ ಕ್ರಮದಲ್ಲೇ ಬರೆಯಿರಿ. ತೋಟದಲ್ಲಿ ಕೆಲಸ ಮಾಡುವ ಹೆಂಗಸು, 8 ದಿನದ ಜ್ವರ, ತಲೆನೋವು, ಪ್ಲೇಟ್‌ಲೆಟ್ 62 ಸಾವಿರ. ಅಲ್ಲಿ ನಿಲ್ಲಿಸಿ, ಆಗ ನಮ್ಮ ತಲೆಯಲ್ಲಿದ್ದದ್ದನ್ನು ಹೇಳಿ: ಡೆಂಗಿ, ಇಲಿಜ್ವರ, ಮಲೇರಿಯಾ, ಮೈಟ್ ಅನ್ನೋ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್.

ಡೆಂಗಿ ಯಾಕೆ ಹಿಂದೆ ಸರಿಯಿತು ಅನ್ನೋದೇ ಮುಖ್ಯ. ಎನ್‌ಎಸ್1 ಡೆಂಗಿ ಪರೀಕ್ಷೆ ನೆಗೆಟಿವ್ ಬಂತು ಅಂತ ಅಲ್ಲ. 8ನೇ ದಿನಕ್ಕೆ ಅದು ನೆಗೆಟಿವ್ ಬರುವುದು ಮಾಮೂಲು. ಇಷ್ಟು ದಿನವಾದರೂ ಜ್ವರ ಇಳಿದಿರಲಿಲ್ಲ, ರಕ್ತ ಗಟ್ಟಿಯಾಗಿದೆಯಾ ಅಂತ ತೋರಿಸುವ ಹೆಮಟೋಕ್ರಿಟ್ ಏರಿರಲಿಲ್ಲ, ಅದಕ್ಕೆ. ರೆಕಾರ್ಡಿಂಗ್‌ನಲ್ಲಿ ಈ ಮಾತು ಅರ್ಧ ನಿಮಿಷ. ನಿಮ್ಮ ಪುಟದಲ್ಲಿ ಜಾಸ್ತಿ ಜಾಗ ಕೊಡಿ.

ಇನ್ನೊಂದು. ದಾಖಲಾದ ದಿನ "ಚರ್ಮದಲ್ಲಿ ಏನೂ ಇಲ್ಲ" ಅಂತ ಬರೆದಿತ್ತು. ಮರುದಿನ ಎದೆಯ ಕೆಳಗಿನ ಮಡಿಕೆ ಸರಿಸಿ ನೋಡಿದಾಗ ನೋವಿಲ್ಲದ ಕಪ್ಪು ಹಕ್ಕಳೆ, ಆ ಹುಳ ಕಚ್ಚಿದ ಗುರುತಾದ ಎಸ್ಕಾರ್. ಎರಡೂ ಉಳಿಸಿ. ಮೊದಲನೆಯದನ್ನು ಅಳಿಸಿದರೆ ಎಲ್ಲಿ ಹುಡುಕಬೇಕು ಅಂತ ಜೂನಿಯರ್‌ಗಳಿಗೆ ಗೊತ್ತಾಗುವುದಿಲ್ಲ.

ಇಂಟರ್ನ್: ಡಾಕ್ಸಿ ಕೊಟ್ಟು ಎರಡು ದಿನಕ್ಕೆ ಜ್ವರ ಬಿಟ್ಟಿತಲ್ವಾ ಸರ್? ಅದೇ ಪುರಾವೆ ಅಂತ ಬರೆದರೆ ಸಾಕು.

ಡಾಕ್ಟರ್: ಸಾಲದು. ಡಾಕ್ಸಿ ಇಲಿಜ್ವರಕ್ಕೂ ಕೆಲಸ ಮಾಡುತ್ತೆ. ಸ್ಕ್ರಬ್ ಕಡೆ ತಿರುಗಿಸಿದ್ದು ಹಕ್ಕಳೆ. ಸ್ಕ್ರಬ್‌ನ ಐಜಿಎಂ ರಕ್ತಪರೀಕ್ಷೆಯ ರಿಪೋರ್ಟ್ ಆಮೇಲೆ ಬಂತು, ಔಷಧಿ ಅದಕ್ಕೂ ಮೊದಲೇ ಶುರುವಾಗಿತ್ತು. ಕಾಯಲಿಲ್ಲ ಅನ್ನೋದನ್ನೂ ಬರೆಯಿರಿ.

ಸದಸ್ಯ: ಪ್ಲೇಟ್‌ಲೆಟ್‌ಗೆ ಪಪ್ಪಾಯಿ ಎಲೆ ರಸ ದಿನಕ್ಕೆ ಮೂರು ಸಲ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಇಲ್ಲಿ ಹಾಕಬೇಡಿ. ಈ ಹೆಂಗಸು ಅದನ್ನೇ ಕುಡಿಯುತ್ತಾ ಮೂರು ದಿನ ಮನೆಯಲ್ಲಿ ಕೂತಿದ್ದರು. ಪ್ಲೇಟ್‌ಲೆಟ್ ಒಂದು ಸುಳಿವು ಅಷ್ಟೇ, ರೋಗ ಬೇರೆ.

ಸದಸ್ಯ: ನಮ್ಮ ಮನೆಯಲ್ಲಿ ಮೂವರಿಗೆ ವಾಸಿಯಾಗಿದೆ. ನೀವು ಹೇಳಿದ್ದೇ ವೇದವಾ?

ಇಂಟರ್ನ್: ಡೆಂಗಿ ಆಗಿದ್ದರೆ ಪ್ಲೇಟ್‌ಲೆಟ್ ತಾನಾಗೇ ಏರುತ್ತೆ ಸ್ವಾಮಿ.

ಸದಸ್ಯ: ನಿನ್ನನ್ನು ಕೇಳಿಲ್ಲಪ್ಪಾ, ಓದು ಮುಗಿಸು ಮೊದಲು.

ಒಬ್ಬ ತಾಯಿ: ಡಾಕ್ಟ್ರೇ, ನನ್ನ ಮಗನಿಗೆ 5 ದಿನದಿಂದ ಜ್ವರ. ಡಾಕ್ಸಿ ಶುರು ಮಾಡಲಾ?

ಡಾಕ್ಟರ್: ಬೇಡಮ್ಮ. ಇವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ವಿದ್ಯಾರ್ಥಿನಿ: ಸರ್, ಇಲಿಜ್ವರ ಪೂರ್ತಿ ತಳ್ಳಿಹಾಕಲಾಗದು ಅಂತ ಮೇಡಂ ಹೇಳಿದ್ದರು, ನೀವು ಒಪ್ಪಲಿಲ್ಲ. ಸಾರಾಂಶದಲ್ಲಿ ಯಾರ ಮಾತು ಇಡಲಿ?

ಇನ್ನೊಬ್ಬ ವಿದ್ಯಾರ್ಥಿ: ಸರ್, ರೋಗದ ಹೆಸರು ಮೊದಲ ಸಾಲಿನಲ್ಲೇ ಹಾಕಬಹುದಾ?

ಡಾಕ್ಟರ್: ಮೇಲೆ ಓದಿ.

ಸದಸ್ಯ: ಪಪ್ಪಾಯಿ ಬಗ್ಗೆ ಉತ್ತರ ಕೊಡಿ ಮೊದಲು.

ಡಾಕ್ಟರ್: ಕೊಟ್ಟಾಗಿದೆ. ರೋಗಿಯ ಹೆಸರು, ಊರು ಇರುವ ಆಡಿಯೋ ತುಣುಕು ಯಾರೋ ಇಲ್ಲಿ ಹಾಕಿದ್ದೀರಿ. ಈಗಲೇ ಅಳಿಸಿ.