ಊಟದ ವೇಳೆಯ ಯೋಗ ತರಗತಿ: ತರಬೇತುದಾರರನ್ನು ಪರಿಚಯಿಸುವುದು ಹೇಗೆ?

ಪ್ರಶ್ನೆ: ಕಲಬುರಗಿಯ ನಮ್ಮ ಕಚೇರಿಯಲ್ಲಿ ಬರುವ ವಾರ ಮಧ್ಯಾಹ್ನ 1.30ಕ್ಕೆ ಅರ್ಧ ಗಂಟೆಯ ಯೋಗ ತರಗತಿ ಇದೆ. ತರಬೇತುದಾರರನ್ನು ಸಿಬ್ಬಂದಿಗೆ ಪರಿಚಯಿಸುವ ಕೆಲಸ ನನಗೆ ಬಂದಿದೆ. ಏನು ಹೇಳಲಿ, ಎಷ್ಟು ಹೇಳಲಿ?

ಆಡಳಿತ ವಿಭಾಗದವರು, ಕಲಬುರಗಿ: ಎರಡು ನಿಮಿಷದೊಳಗೆ ಮುಗಿಸಿ. ಹಿಂದಿನ ದಿನವೇ ಅವರಿಗೆ ಫೋನ್ ಮಾಡಿ, ಹೆಸರಿನ ಸರಿಯಾದ ಉಚ್ಚಾರಣೆ, ಎಲ್ಲಿ ಕಲಿತರು, ಅಂದು ಏನೇನು ಮಾಡಿಸುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳಿ. ಈಗ ತಾನೇ ರೊಟ್ಟಿ ಉಂಡು ಬಂದವರಿಗೆ, ಸೀರೆ ಉಟ್ಟವರಿಗೆ, ಎರಡಕ್ಕೆ ಕೌಂಟರ್‌ನಲ್ಲಿ ಇರಬೇಕಾದವರಿಗೆ ಒಳಗೊಳಗೇ ಅಳುಕಿರುತ್ತದೆ. ಪರಿಚಯದಲ್ಲೇ ಅದಕ್ಕೆ ಉತ್ತರ ಸಿಗಬೇಕು. ನಾನು ಹೇಳಿದ್ದು ಹೀಗಿತ್ತು: "ಇವರು ನಮ್ಮ ಊರಿನಲ್ಲೇ ಯೋಗ ಕಲಿಸುತ್ತಾರೆ, ಆಯುಷ್ ಸಚಿವಾಲಯದ ಯೋಗ ಪ್ರಮಾಣೀಕರಣ ಮಂಡಳಿಯ ಪ್ರಮಾಣಪತ್ರ ಪಡೆದಿದ್ದಾರೆ. ಇಂದು ಕುರ್ಚಿಯಲ್ಲೇ ಕುಳಿತು ಕುತ್ತಿಗೆ, ಭುಜ, ಮಣಿಕಟ್ಟಿನ ಚಲನೆಗಳನ್ನು ಮಾಡಿಸುತ್ತಾರೆ. ಬಿ.ಪಿ. ಇರುವವರು, ಗರ್ಭಿಣಿಯರು, ಶಸ್ತ್ರಚಿಕಿತ್ಸೆ ಆದವರು ಮೊದಲೇ ಅವರ ಬಳಿ ಹೋಗಿ ತಿಳಿಸಿ. 1.55ಕ್ಕೆ ಮುಗಿಯುತ್ತದೆ." ಪ್ರಮಾಣಪತ್ರದ ಮಾತನ್ನು ಅದನ್ನು ಕಣ್ಣಾರೆ ನೋಡಿದ ಮೇಲೆಯೇ ಹೇಳಿ.

ನಿವೃತ್ತ ಶಿಕ್ಷಕರು, ಬೀದರ್: ಅತಿಥಿಗೆ ಶಾಲು ಹೊದಿಸಿ, ಅವರ ಸಾಧನೆಗಳನ್ನೆಲ್ಲ ಓದಿ ಹೇಳುವುದು ನಮ್ಮ ಕಡೆಯ ಮರ್ಯಾದೆ. ಅದೂ ಅಲ್ಲದೆ ಊಟವಾದ ಮೂರು ತಾಸು ಯೋಗವನ್ನೇ ಮಾಡಬಾರದು. ಈ ಕಾರ್ಯಕ್ರಮವನ್ನು ಬೆಳಿಗ್ಗೆ ಇಡುವುದು ಒಳ್ಳೆಯದು.

ಯೋಗ ಶಿಕ್ಷಕಿ, ಯಾದಗಿರಿ: ಸರ್, ಮುಂದೆ ಬಾಗುವ ಆಸನ, ಬೆನ್ನು ತಿರುಚುವ ಆಸನ, ಕಪಾಲಭಾತಿ ಇವುಗಳ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ವಜ್ರಾಸನವನ್ನು ಉಂಡ ಮೇಲೂ ಮಾಡುವ ರೂಢಿಯಿದೆ, ಕುತ್ತಿಗೆ ಭುಜಗಳ ನಿಧಾನ ಚಲನೆಗೂ ಅಡ್ಡಿಯಿಲ್ಲ. ನನ್ನನ್ನು ಪರಿಚಯಿಸುವವರಲ್ಲಿ ನನ್ನದೊಂದೇ ಕೋರಿಕೆ: "ಇವರು ಶುಗರ್ ವಾಸಿ ಮಾಡುತ್ತಾರೆ" ಎನ್ನಬೇಡಿ. ಹಾಗೆಂದ ಕಡೆಯಲ್ಲೆಲ್ಲ ಜನ ಔಷಧದ ಚೀಟಿ ಹಿಡಿದು ಸುತ್ತುಗಟ್ಟುತ್ತಾರೆ, ಮಾತ್ರೆ ಬಿಡಬಹುದೇ ಎಂದು ಕೇಳುತ್ತಾರೆ, ತರಗತಿಯ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಶಾಲು ಹೊದಿಸುವುದಿದ್ದರೆ ಕೊನೆಗೆ ಇಟ್ಟುಕೊಳ್ಳಿ.

ಖಾಸಗಿ ಕಂಪನಿಯ ಉದ್ಯೋಗಿ, ಕಲಬುರಗಿ: ನನಗೂ ಇಡೀ ದಿನ ಕಂಪ್ಯೂಟರ್ ಮುಂದೆ ಕುಳಿತು ಸೊಂಟ ಹಿಡಿದುಕೊಂಡಿದೆ, ಕಾಲಿನವರೆಗೂ ಜುಮು ಜುಮು ಎನ್ನುತ್ತದೆ. ಈ ತರಬೇತುದಾರರು ಮನೆಗೆ ಬಂದು ಕಲಿಸುತ್ತಾರೆಯೇ, ಶುಲ್ಕ ಎಷ್ಟು?

ಯೋಗ ಶಿಕ್ಷಕಿ, ಯಾದಗಿರಿ: ಕಾಲಿಗೆ ಜುಮು ಇಳಿಯುತ್ತಿದ್ದರೆ ಮೊದಲು ಎಲುಬಿನ ವೈದ್ಯರಿಗೆ ತೋರಿಸಿ, ಯೋಗದ ವಿಚಾರ ಆಮೇಲೆ.

ಬ್ಯಾಂಕ್ ಸಿಬ್ಬಂದಿ, ಬೀದರ್: ದಿನ ಶುಕ್ರವಾರವಾಗಿದ್ದರೆ ದಯವಿಟ್ಟು ಬದಲಿಸಿ, ಜುಮ್ಮಾ ನಮಾಜಿಗೆ ಹೋಗುವ ಸಹೋದ್ಯೋಗಿಗಳು ತಪ್ಪಿಹೋಗುತ್ತಾರೆ. ಕನ್ನಡದಲ್ಲಿ ಪರಿಚಯಿಸಿ ಎರಡು ಮಾತು ಹಿಂದಿಯಲ್ಲೂ ಹೇಳಿದರೆ ಹಿಂದೆ ಕುಳಿತವರೂ ಕಿವಿಗೊಡುತ್ತಾರೆ. ನಮ್ಮಲ್ಲಿ ಮ್ಯಾನೇಜರೇ ಪರಿಚಯಿಸಿದಾಗ ಎಲ್ಲರೂ ಬಂದರು, ಆದರೆ ಬಿ.ಪಿ. ಇದೆಯೆಂದು ಅವರೆದುರು ಒಬ್ಬರೂ ಬಾಯಿ ಬಿಡಲಿಲ್ಲ.

ಆಡಳಿತ ವಿಭಾಗದವರು, ಕಲಬುರಗಿ: ನಮ್ಮಲ್ಲಿ ಸಹೋದ್ಯೋಗಿಯೇ ಪರಿಚಯಿಸಿದ್ದರಿಂದ ಜನ ಮನಬಿಚ್ಚಿ ಹೇಳಿದರು, ಆದರೆ ಅರ್ಧದಷ್ಟು ಕುರ್ಚಿಗಳು ಖಾಲಿಯಿದ್ದವು. ಎರಡನ್ನೂ ಕೂಡಿಸುವ ದಾರಿ ಯಾರಿಗಾದರೂ ಸಿಕ್ಕಿದ್ದರೆ ತಿಳಿಸಿ.