ಪದಚರ್ಚೆ: ಕಿತಾಪ್‌ಗೆ ಲರ್, ಸಾಅತ್‌ಗೆ ಯಾಕೆ ಲೆರ್? ಇದಕ್ಕೆ ಕನ್ನಡದಲ್ಲಿ ಏನಂತೀರಿ?

ಇಜ್ಮಿರ್‌ವಾಸಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಎರಡು ವರ್ಷದಿಂದ ಟರ್ಕಿಯ ಇಜ್ಮಿರ್‌ನಲ್ಲಿದ್ದೀನಿ, ಮನೆಯವರ ಕೆಲಸದ ಮೇಲೆ ಬಂದದ್ದು. ಟರ್ಕಿಶ್ ಕಲೀತಾ ಇದ್ದೀನಿ, ಜೊತೆಗೆ ಇಲ್ಲಿಗೆ ಬರೋ ನಮ್ಮೋರಿಗೆ ಉಪಯೋಗ ಆಗ್ಲಿ ಅಂತ ಕನ್ನಡದಲ್ಲಿ ನೋಟ್ಸ್ ಬರೀತಿದ್ದೀನಿ. ಎರಡು ಪ್ರಶ್ನೆ ಇದೆ.

ಮೊದಲು ಬರವಣಿಗೆ ಬಗ್ಗೆ ಒಂದು ಮಾತು. ಇಲ್ಲಿ ಎಂಟು ಸ್ವರ, ನಾಲ್ಕು ಜೋಡಿ. ಅ-ಎ ಒಂದು ಜೋಡಿ, ಅದು ನಮಗೆ ಸುಲಭ. ಉಳಿದ ಮೂರು ಜೋಡೀಲಿ ಒಂದೊಂದು ಸ್ವರ ನಮ್ಮಲ್ಲಿಲ್ಲ, ಅದಕ್ಕೆ ^ ಅಂತ ಟೋಪಿ ಹಾಕ್ತೀನಿ (ನಿಮಗಲ್ಲ, ಅಕ್ಷರಕ್ಕೆ). ಉ^ ಅಂದ್ರೆ ನಾಲಿಗೆ ಇ ಅನ್ನೋ ಜಾಗದಲ್ಲೇ ಇಟ್ಟು ತುಟಿ ಮಾತ್ರ ಉ ಥರ ಗುಂಡಗೆ ಮಾಡೋದು. ಎ ಜಾಗದಲ್ಲಿ ಹಾಗೇ ಮಾಡಿದ್ರೆ ಒ^. ಇ^ ಉಲ್ಟಾ, ನಾಲಿಗೆ ಉ ಥರ ಹಿಂದಕ್ಕೆ, ತುಟಿ ಮಾತ್ರ ಸಡಿಲ.

ಬಹುವಚನಕ್ಕೆ ಲರ್ ಅಥವಾ ಲೆರ್ ಹತ್ತುತ್ತೆ. ಪದದ ಕೊನೇ ಸ್ವರ ನಾಲಿಗೆ ಹಿಂದಕ್ಕೆ ಹೋಗಿ ಹುಟ್ಟೋದಾದ್ರೆ ಲರ್, ಮುಂದೆ ಇದ್ರೆ ಲೆರ್. ಕಿತಾಪ್ (ಪುಸ್ತಕ) ಕಿತಾಪ್‌ಲರ್ ಆಗುತ್ತೆ, ಎವ್ (ಮನೆ) ಎವ್‌ಲೆರ್ ಆಗುತ್ತೆ. ಇದನ್ನ ಬಾಯಿಪಾಠ ಮಾಡ್ಕೊಂಡು ಧೈರ್ಯವಾಗಿ ವಾಚ್ ಅಂಗಡಿಗೆ ಹೋಗಿ "ಸಾಅತ್‌ಲರ್ ಎಲ್ಲಿವೆ" ಅಂತ ಕೇಳಿದೆ, ಅಂಗಡಿಯಾತ ನಕ್ಕು "ಸಾಅತ್‌ಲೆರ್" ಅಂತ ತಿದ್ದಿದ. ಕೊನೇ ಸ್ವರ ಅ ತಾನೆ, ಮತ್ತೆ ಲೆರ್ ಯಾಕೆ? ಟೀಚರನ್ನ ಕೇಳಿದ್ರೆ "ಅದು ಹಾಗೇ" ಅಂದ್ಬಿಟ್ರು.

ಎರಡನೇದು, ಹೀಗೆ ಸ್ವರಕ್ಕೆ ಸ್ವರ ಹೊಂದೋದಕ್ಕೆ ಕನ್ನಡದಲ್ಲಿ ಸ್ವರಸಾಮರಸ್ಯ ಅಂತ ಬರ್ದಿದ್ದೀನಿ. ಸರಿ ಇದೆಯಾ?

ತಂಬೂರಿ ಬರೆದದ್ದು:

ಸ್ವರಸಾಮರಸ್ಯ ಒಳ್ಳೇ ಪದ ಮೇಡಂ, ಆದ್ರೆ ಸಂಗೀತದಲ್ಲಿ ಇದಕ್ಕೆ ಆಗಲೇ ಹೆಸರಿದೆಯಲ್ಲ, ವಾದಿ-ಸಂವಾದಿ. ಷಡ್ಜಕ್ಕೂ ಪಂಚಮಕ್ಕೂ ಇರೋ ಸಂಬಂಧ. ಟರ್ಕಿಯವರ ಮಕಾಮ್ ಪದ್ಧತೀಲೂ ಒಂದೊಂದು ಸ್ವರಕ್ಕೆ ಯಜಮಾನಿಕೆ ಇರುತ್ತೆ ಅಂತ ಓದಿದ್ದೆ. ನೀವು ಯಾವ ರಾಗದ ಬಗ್ಗೆ ಕೇಳ್ತಿದ್ದೀರಿ ಅಂತ ಮಾತ್ರ ಗೊತ್ತಾಗ್ಲಿಲ್ಲ.

ಹುಬ್ಬಳ್ಳಿ ಹುಡುಗ ಬರೆದದ್ದು:

ತಂಬೂರಿ ಸರ್, ಅವ್ರು ಕೇಳಿದ್ದು ಅ ಆ ಇ ಈ ಸ್ವರ, ಸರಿಗಮ ಅಲ್ರೀ 😀

ಮೇಡಂ, ಉತ್ತರ ಸಿಂಪಲ್ ಐತಿ. ಸಾಅತ್ ಅರೇಬಿಕ್ ಪದ. ಅಚ್ಚ ಟರ್ಕಿಶ್ ಪದ ಎಲ್ಲಾ ರೂಲ್ ಪಾಲಸ್ತಾವು, ಹೊರಗಿಂದ ಬಂದವು ಪಾಲಸಂಗಿಲ್ಲ, ಮುಗೀತು. ಮತ್ತ ಇದೇನು ಹೊಸಾದಲ್ಲ ಬಿಡ್ರಿ, ಕನ್ನಡದಾಗೂ ಐತಿ, ಮನೆ ಅಂದ್ರ ಮನೆಗೆ, ಮರ ಅಂದ್ರ ಮರಕ್ಕೆ. ಕೊನೀ ಸ್ವರ ನೋಡಿ ಪ್ರತ್ಯಯ ಬದಲಾಗ್ತೈತಿ, ಎರಡೂ ಒಂದ.

ಹಳೇ ಮೇಷ್ಟ್ರು ಬರೆದದ್ದು:

ಹುಬ್ಬಳ್ಳಿಯವರೆ, ಅರ್ಧ ಸರಿ ಹೇಳಿದ್ರಿ, ಇನ್ನರ್ಧ ನಾನು ಎಳೀತೀನಿ, ಬೇಜಾರು ಮಾಡ್ಕೋಬೇಡಿ.

ಸಾಅತ್ ಅರೇಬಿಕ್ ಮೂಲದ್ದು ಅನ್ನೋದು ನಿಜ. ಆದ್ರೆ ಕಿತಾಪ್ ಎಲ್ಲಿಂದ ಬಂತು? ಅದೂ ಅರೇಬಿಕ್ಕೇ, ನಮ್ಮ ಕಿತಾಬು. ಆದ್ರೂ ಶಿಸ್ತಾಗಿ ಲರ್ ತಗೊಳ್ಳುತ್ತೆ. ಇನ್ನು ಅಚ್ಚ ಟರ್ಕಿಶ್ ಪದ ಎಲ್ಲಾ ರೂಲ್ ಪಾಲಿಸುತ್ತೆ ಅಂದ್ರಲ್ಲ, ಅಮ್ಮನಿಗೆ ಅಲ್ಲಿ ಅನ್ನೆ ಅಂತಾರೆ, ಸೇಬಿಗೆ ಎಲ್ಮಾ. ಒಂದೇ ಪದದೊಳಗೆ ಅ-ಎ ಎರಡೂ ಜಗಳ ಇಲ್ಲದೆ ಕೂತಿವೆ. ಇವುಗಳ ಹಳೇ ರೂಪ ಅನಾ, ಅಲ್ಮಾ, ಆಗ ಸರಿಯಾಗೇ ಇದ್ವು, ಆಮೇಲೆ ಕೆಟ್ಟವು. ಸೇಬಿಗೆ ಅಜರ್‌ಬೈಜಾನಿನಲ್ಲೂ ಕಜಾಕ್‌ನಲ್ಲೂ ಈಗ್ಲೂ ಅಲ್ಮಾ ಅಂತಲೇ ಅಂತಾರೆ. ಅಂದ್ರೆ ಪದದ ಒಳಗೆ ಏನಾದ್ರೂ ಆಗಿರ್ಲಿ, ಪ್ರತ್ಯಯ ಅದನ್ನ ಕೇಳೋದೇ ಇಲ್ಲ, ಪಕ್ಕದಲ್ಲಿ ಕೂತಿರೋ ಕೊನೇ ಸ್ವರ ಒಂದನ್ನೇ ನೋಡುತ್ತೆ. ಅನ್ನೆಲೆರ್, ಎಲ್ಮಾಲರ್.

ಆ "ಪಕ್ಕದ್ದನ್ನೇ ನೋಡೋದು" ಎಷ್ಟು ಕಟ್ಟುನಿಟ್ಟು ಅಂತ ತಿಳೀಬೇಕಾದ್ರೆ ಒಂದು ಪದ ಬಿಡಿಸಿ ನೋಡಿ. ಗೊ^ಜ್ ಅಂದ್ರೆ ಕಣ್ಣು. ನನ್ನ ಕಣ್ಣು ಅನ್ನಬೇಕಾದ್ರೆ ಗೊ^ಜು^ಮ್, ಒ^ ನಾಲಿಗೆ ಮುಂದೆ, ತುಟಿ ಗುಂಡಗೆ, ಹಾಗಾಗಿ ಪ್ರತ್ಯಯವೂ ಮುಂದೆ ಮತ್ತು ಗುಂಡಗೆ. ಈಗ ನನ್ನ ಕಣ್ಣುಗಳು ಅನ್ನಿ. ನಡುವೆ ಲೆರ್ ಬರಬೇಕು. ಲೆರ್‌ಗೆ ಎರಡೇ ರೂಪ, ಅದು ನಾಲಿಗೆ ಹಿಂದೋ ಮುಂದೋ ಅಂತ ನೋಡುತ್ತೆ, ತುಟಿ ಗುಂಡಗೆ ಮಾಡಲ್ಲ. ಬಾಯಿ ಅಗಲಿಸಿ ಹೇಳೋ ಸ್ವರ ಪ್ರತ್ಯಯದಲ್ಲಿ ಗುಂಡಾಗಲ್ಲ. ಹಾಗಾಗಿ ಗೊ^ಜ್‌ಲೆರ್. ಅದರ ಮುಂದೆ ಬರೋ ನನ್ನ ಅನ್ನೋ ಪ್ರತ್ಯಯ ಗೊ^ ಕಡೆ ತಿರುಗಿ ನೋಡಲ್ಲ, ಲೆರ್ ನೋಡುತ್ತೆ, ಅಲ್ಲಿ ತುಟಿ ಚಪ್ಪಟೆ, ಆದ್ದರಿಂದ ಗೊ^ಜ್‌ಲೆರಿಮ್. ಉ^ ಹೋಯ್ತು, ಇ ಬಂತು. ಗುಂಡು ತುಟಿ ಲೆರ್ ಹತ್ರ ಬಂದು ನಿಂತ್ಬಿಡ್ತು. ಕಿರ್ಗಿಜ್‌ನವರು ಹಾಗಲ್ಲ, ಅವರು ಕೊ^ಜ್‌ದೊ^ರ್ ಅಂತ ಬಹುವಚನವನ್ನೂ ಗುಂಡಗೆ ಮಾಡ್ತಾರೆ. ಉಜ್ಬೆಕ್‌ನ ಶಿಷ್ಟ ಭಾಷೇಲಿ ಈ ವ್ಯವಹಾರ ಹೋಗ್ಬಿಟ್ಟಿದೆ, ಯಾವ ಪದ ಆದ್ರೂ ಲರ್ ಒಂದೇ. ಎಲ್ಲಾ ಒಂದೇ ಕುಟುಂಬದ ಭಾಷೆಗಳು.

ಮರಕ್ಕೆ, ಮನೆಗೆ ವಿಷಯ. ಮರ, ರಾಮ ಎರಡರಲ್ಲೂ ಸ್ವರ ಅದೇ. ಒಂದಕ್ಕೆ ಮರಕ್ಕೆ, ಇನ್ನೊಂದಕ್ಕೆ ರಾಮನಿಗೆ. ಸ್ವರ ನೋಡಿ ಬದಲಾಗೋದಾದ್ರೆ ಎರಡೂ ಒಂದೇ ಥರ ಇರಬೇಕಿತ್ತು. ಇಲ್ಲಿ ಆಟ ಆಡ್ತಿರೋದು ಲಿಂಗ. ಕನ್ನಡದಲ್ಲಿ ಸ್ವರ ಸ್ವರವನ್ನ ಎಳೆದ ಗುರುತು ಬೇರೆ ಕಡೆ ಇದೆ, ತಮಿಳಿನ ಇಲೈ, ಕುಡೈ ನಮ್ಮಲ್ಲಿ ಎಲೆ, ಕೊಡೆ, ಅವರ ಸೆವಿ ನಮ್ಮ ಕಿವಿ. ಆದ್ರೆ ಅಲ್ಲಿ ಹಿಂದಿನದು ಮುಂದಿನದನ್ನ ನೋಡಿ ಬದಲಾಗಿದೆ, ಅದೂ ಯಾವತ್ತೋ ಆಗಿ ಮುಗಿದ ಕಥೆ. ಇವತ್ತು ಹೊಸ ಪದಕ್ಕೆ ನಾವು ಹಾಗೆ ಮಾಡಲ್ಲ.

ಇಜ್ಮಿರ್‌ವಾಸಿ ಬರೆದದ್ದು:

ಮೇಷ್ಟ್ರೇ ಗೊ^ಜ್‌ಲೆರಿಮ್ ಅರ್ಥ ಆಯ್ತು, ಇಷ್ಟು ದಿನ ಗೊ^ಜ್‌ಲೆರು^ಮ್ ಅಂತಿದ್ದೆ, ಯಾರೂ ತಿದ್ದಿರಲಿಲ್ಲ. ಆದ್ರೆ ನನ್ನ ಸಾಅತ್ ಅಲ್ಲೇ ನಿಂತಿದೆ!

ಹಳೇ ಮೇಷ್ಟ್ರು ಬರೆದದ್ದು:

ಹೌದು, ಉದ್ದ ಬರೆದು ಮುಖ್ಯವಾದದ್ದೇ ಮರೆತೆ.

ಮೊದಲು ಸುಲಭದ್ದು. ಫುಟ್‌ಬಾಲ್‌ನ ಗೋಲ್ ಅಲ್ಲೂ ಗೋಲ್, ಆದ್ರೆ ಬಹುವಚನ ಗೋಲ್‌ಲೆರ್. ಒ ಇರೋದ್ರಿಂದ ಲರ್ ಬರಬೇಕಿತ್ತು. ಟರ್ಕಿಶ್‌ನಲ್ಲಿ ಎರಡು ಥರದ ಲ್ ಇದೆ. ಅ ಒ ಉ ಜೊತೆ ಬರೋದು ದಪ್ಪ ಲ್, ನಾಲಿಗೆಯ ಹಿಂಭಾಗ ಎತ್ತಿ ಹೇಳೋದು. ಎ ಇ ಜೊತೆ ಬರೋದು ತೆಳು ಲ್, ನಮ್ಮ ಲ್ ಥರದ್ದು. ಗೋಲ್ ಹೊರಗಿಂದ ಬಂದದ್ದರಿಂದ ಒ ಆದ್ಮೇಲೂ ತೆಳು ಲ್ ಇಟ್ಕೊಂಡಿದೆ. ಪ್ರತ್ಯಯಕ್ಕೆ ಪಕ್ಕದಲ್ಲಿ ಸಿಕ್ಕಿದ್ದು ಆ ತೆಳು ಲ್, ಅದರ ಹಿಂದೆ ಹೋಯ್ತು. ಸ್ವರಗಳ ಆಟದಲ್ಲಿ ವ್ಯಂಜನ ಕೈ ಹಾಕಿದೆ ಅಂತ ಇಟ್ಕೊಳ್ಳಿ. ಇಂಥ ಪದ ಕಿವೀಲೇ ಗೊತ್ತಾಗುತ್ತೆ.

ಸಾಅತ್ ವಿಷಯದಲ್ಲೂ ಕೊನೇ ತ್ ಹೀಗೇ ತೆಳು, ಅದಕ್ಕೇ ಲೆರ್ ಅಂತ ಹೇಳೋದುಂಟು. ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಲ್‌ನ ವ್ಯತ್ಯಾಸ ಕೇಳಿಸುತ್ತೆ, ತ್‌ನದ್ದು ನನ್ನ ಕಿವಿಗಂತೂ ಬೀಳಲ್ಲ. ಅಲ್ಲದೆ ಹಯಾತ್ (ಜೀವನ), ಸನತ್ (ಕಲೆ) ಇವೂ ಅರೇಬಿಕ್‌ನವೇ, ಇವೂ ಅತ್ ಅಂತಲೇ ಮುಗಿಯೋದು, ಆದ್ರೆ ಹಯಾತ್‌ಲರ್, ಸನತ್‌ಲರ್. ಅದೇ ದಿಕ್ಕತ್ ಆದ್ರೆ ದಿಕ್ಕತ್‌ಲೆರ್. ಒಂದೇ ಊರಿಂದ ಬಂದೋರು ಬೇರೆ ಬೇರೆ ಬಸ್ ಹತ್ತಿದ ಹಾಗೆ.

ಹಾಗಾಗಿ ಕಲಿಯೋರಿಗೆ ದಾರಿ ಒಂದೇ, ನಿಘಂಟು. 1932ರಲ್ಲಿ ಶುರುವಾದ ಟರ್ಕಿಶ್ ಭಾಷಾ ಸಂಸ್ಥೆಯ ನಿಘಂಟಿನಲ್ಲಿ ಇಂಥ ಪದದ ಪಕ್ಕ ಒಂದು ಬಾಲ ಬರೆದಿರ್ತಾರೆ, ಅನ್ನು ವಿಭಕ್ತಿಯದ್ದು. ಸಾಅತ್ ಪಕ್ಕ -ತಿ, ಕಿತಾಪ್ ಪಕ್ಕ -ಬಿ^. ಟೋಪಿ ಇಲ್ಲದ ಇ ಇದ್ರೆ ಬಹುವಚನ ಲೆರ್, ಟೋಪಿ ಇದ್ರೆ ಲರ್. ಕಿತಾಪ್‌ನ ಪ್ ಬ್ ಆಗೋದು ಬೇರೆ ವಿಷಯ.

ಇಜ್ಮಿರ್‌ವಾಸಿ ಬರೆದದ್ದು:

ದಿಕ್ಕತ್! ಇಲ್ಲಿ ರಸ್ತೆ ಅಗೆದ ಕಡೆಯೆಲ್ಲ ಅದೇ ಬೋರ್ಡು, ಎಚ್ಚರ ಅಂತ. ಮೊದಲ ವಾರ ಹಿಂದಿ ದಿಕ್ಕತ್ ಅನ್ಕೊಂಡು, ಏನಪ್ಪಾ ಈ ಊರಲ್ಲಿ ತೊಂದ್ರೆ ಅನ್ನೋದನ್ನೂ ಬೋರ್ಡ್ ಹಾಕಿ ಹೇಳ್ತಾರಲ್ಲ ಅನ್ಕೊಂಡಿದ್ದೆ.

ಕರಾವಳಿ ಕಿವಿ ಬರೆದದ್ದು:

ಅಕ್ಕ, ನಿಮ್ಮ ಟೋಪಿ ಹಾಕಿದ ಇ^ ಓದಿ ನೋಡಿದೆ, ತುಟಿ ಸಡಿಲ ಬಿಟ್ಟು ನಾಲಿಗೆ ಹಿಂದೆ. ಮಾರಾಯ್ರೆ, ಅದು ನಮ್ಮ ತುಳುವಿನ ಅರೆ ಉಕಾರ ಅಲ್ವಾ? ಕಣ್ಣ್ ಅಂತ ಹೇಳಿ ನಿಲ್ಲಿಸುವಾಗ ಕೊನೆಯಲ್ಲಿ ಬರ್ತದಲ್ಲ, ಅದು. ಕನ್ನಡ ಲಿಪಿಯಲ್ಲಿ ಬರೀಲಿಕ್ಕೆ ಬರೂದಿಲ್ಲ ಅಂತ ಅರ್ಧಾಕ್ಷರ ಹಾಕಿ ಬಿಡ್ತೇವೆ. ಇನ್ನೊಂದು, ಈಗ ನಾನೇ ಹೇಳಿ ನೋಡಿದೆ, ಕಣ್ಣ್, ನಾಡ್ ಇದಕ್ಕೆ ಅರೆ ಉ, ಆದರೆ ಉಪ್ಪು, ಊರು ಅನ್ನುವಾಗ ಪೂರ್ತಿ ಉ. ಮೊದಲ ಸ್ವರದಲ್ಲಿ ತುಟಿ ಗುಂಡಗಿದ್ರೆ ಕೊನೆಯದ್ದೂ ಗುಂಡಗೆ! ಸಣ್ಣದಿರುವಾಗಿಂದ ಮಾತಾಡ್ತಾ ಇದ್ದೇನೆ, ಇವತ್ತು ಗೊತ್ತಾದದ್ದು. ಹಾಗಾದ್ರೆ ಇದೂ ಅದೇ ಅಲ್ವಾ?

ಹಳೇ ಮೇಷ್ಟ್ರು ಬರೆದದ್ದು:

ನಿಮ್ಮ ಕಿವಿ ಸರಿಯಾಗೇ ಇದೆ. ಹುಬ್ಬಳ್ಳಿಯವರ ಮರಕ್ಕೆಗಿಂತ ಇದು ಟರ್ಕಿಶ್‌ಗೆ ಎಷ್ಟೋ ಹತ್ತಿರ, ದ್ರಾವಿಡ ಭಾಷಾಶಾಸ್ತ್ರದೋರೂ ಇದನ್ನ ಗುರುತಿಸಿದ್ದಾರೆ. ಆದ್ರೆ ನಿಮ್ಮಲ್ಲಿ ಬರೀ ತುಟಿ ಲೆಕ್ಕ, ಟರ್ಕಿಶ್‌ನಲ್ಲಿ ನಾಲಿಗೆಯದ್ದೂ ಲೆಕ್ಕ. ಎರಡಕ್ಕೂ ಒಂದೇ ಹೆಸರು ಇಡಬೇಕಾ ಅನ್ನೋದು ನನಗಿನ್ನೂ ಬಗೆಹರಿದಿಲ್ಲ.

ಹೆಸರಿನ ಮಾತು ಬಂತಲ್ಲ, ಸಾಮರಸ್ಯ ನನಗೆ ಹಿಡಿಸಲ್ಲ. ಸಾಮರಸ್ಯ ಅಂದ್ರೆ ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗಬೇಕು. ಇಲ್ಲಿ ಪದ ಜಗ್ಗಲ್ಲ, ಪ್ರತ್ಯಯ ಒಂದೇ ಬಗ್ಗೋದು. ಸ್ವರಾನುಸರಣೆ ಅನ್ನಬಹುದು.

ಹುಬ್ಬಳ್ಳಿ ಹುಡುಗ ಬರೆದದ್ದು:

ರಾಮನಿಗೆ ಒಪ್ಪಿದೆ ಸರ್ 🙏 ಆದ್ರ ಸ್ವರಾನುಸರಣೆ ಭಾರಾ ಆತು. ತೆರೆಯುಲಿ ಹೊಂದಿಕೆ ಅನ್ರಿ, ಅಚ್ಚ ಕನ್ನಡ.

ತಂಬೂರಿ ಬರೆದದ್ದು:

ನನ್ನ ತಪ್ಪು ಗೊತ್ತಾಯ್ತು, ಆದ್ರೂ ಹೇಳ್ತೀನಿ, ಸ್ವರಸಂವಾದ ಅಂದ್ರೆ ಕಿವಿಗೆ ಹಿತ.

ಇಜ್ಮಿರ್‌ವಾಸಿ ಬರೆದದ್ದು:

ತಂಬೂರಿ ಸರ್, ಸಂವಾದ ಅಂದ್ರೆ ಓದೋರು ಮತ್ತೆ ರಾಗ ಹುಡುಕ್ತಾರೆ, ಅದು ಬೇಡ. ತೆರೆಯುಲಿ ಅಂದ್ರೆ ಏನು ಅಂತ ನಾನೇ ಒಂದು ಪುಟ ಬರೀಬೇಕಾಗುತ್ತೆ. ಸದ್ಯಕ್ಕೆ ಸ್ವರಾನುಸರಣೆ ಅಂತ ಹಾಕಿ, ಪಕ್ಕದಲ್ಲಿ ಸಾಮರಸ್ಯ ಅಂತಲೂ ಅಂತಾರೆ ಅಂತ ಬರೀತೀನಿ.

ಉದಾಹರಣೆಗೆ ನಾನು ಊರುಗಳ ಹೆಸರು ಇಟ್ಕೊಂಡಿದ್ದೀನಿ. ಪ್ರಶ್ನೆ ಕೇಳೋ ಪ್ರತ್ಯಯ ಇಲ್ಲಿ ಬಿಡಿಯಾಗಿ ಬರೀತಾರೆ, ಆದ್ರೂ ಹಿಂದಿನ ಸ್ವರದ ಮಾತೇ ಕೇಳುತ್ತೆ. ಬಸ್‌ಸ್ಟ್ಯಾಂಡಲ್ಲಿ ಇಜ್ಮಿರ್ ಮಿ, ಅಂಕರಾ ಮಿ^, ಇಸ್ತಾಂಬುಲ್ ಮು, ಉ^ರ್ಗು^ಪ್ ಮು^ ಅಂತ ಕೇಳಿದ್ರೆ ನಾಲ್ಕೂ ರೂಪ ಬಂದ್ಬಿಡುತ್ತೆ. ನಮ್ಮೂರುಗಳಿಗೂ ಹಚ್ಚಿ ನೋಡಿದೆ, ಹುಬ್ಬಳ್ಳಿ ಮಿ, ಧಾರವಾಡ ಮಿ^, ಮಂಗಳೂರು ಮು. ಮು^ ಬರೋ ಊರು ಮಾತ್ರ ಇಡೀ ಕರ್ನಾಟಕದಲ್ಲಿ ಒಂದೂ ಸಿಗ್ಲಿಲ್ಲ.