ಅಪ್‌ಡೇಟ್: ಪಾಪು ಕುಲಾವಿ ಸೆಟ್ಟಿಗೆ ಕೊನೆಗೂ ರೇಟ್ ಫಿಕ್ಸ್ ಮಾಡ್ದೆ

"ಕ್ರೋಶಾದಲ್ಲಿ ಹಾಕಿದ ಕುಲಾವಿ-ಸಾಕ್ಸ್ ಸೆಟ್ 250ಕ್ಕೆ ಮಾರ್ತಿದೀನಿ, ಆರ್ಡರ್ ಬರ್ತಿದೆ ಆದ್ರೆ ಕೈಲಿ ದುಡ್ಡೇ ನಿಲ್ತಿಲ್ಲ, ಎಷ್ಟಿಡ್ಲಿ?" ಅಂತ ಕೇಳಿದ್ದೆ.

ನೀವೆಲ್ಲ ಹೇಳ್ದಂಗೆ ಫೋನಲ್ಲಿ ಟೈಮರ್ ಇಟ್ಕೊಂಡು ಒಂದು ಸೆಟ್ ಹಾಕ್ದೆ. ಎರಡೂವರೆ ಗಂಟೆ ಅನ್ಕೊಂಡಿದ್ದು ನಾಲ್ಕು ಗಂಟೆ ಆಯ್ತು, ಯಾಕಂದ್ರೆ ದಾರದ ತುದಿಗಳನ್ನ ಸೂಜೀಲಿ ಒಳಗೆ ಸೇರ್ಸೋದು, ಗುಂಡಿ ಹೊಲಿಯೋದು, ಪ್ಯಾಕ್ ಮಾಡೋದು ಇದ್ಯಾವ್ದನ್ನೂ ನಾನು ಲೆಕ್ಕಕ್ಕೇ ಹಿಡಿದಿರ್ಲಿಲ್ಲ. ಉಲ್ಲನ್, ಗುಂಡಿ ಸೇರಿ 100, ಡಬ್ಬ-ಟ್ಯಾಗ್ 25. ಅಂದ್ರೆ 250ರಲ್ಲಿ ನನಗೆ ಉಳೀತಿದ್ದಿದ್ದು 125, ಗಂಟೆಗೆ ಬರೀ 31 ರೂಪಾಯಿ! ನೋಡಿ ನಿಜವಾಗ್ಲೂ ಬೇಜಾರಾಯ್ತು.

ಈಗ ಗಂಟೆಗೆ 80 ಹಿಡಿದು ಕೂಲಿ 320, ಒಟ್ಟು ಖರ್ಚು 445, ಅದ್ರ ಮೇಲೆ 20% ಲಾಭ ಸೇರ್ಸಿ 534, ರೌಂಡಾಗಿ 540 ಇಟ್ಟಿದೀನಿ. ಕೊರಿಯರ್ ಬೇರೆ.

ಇನ್ನೊಂದ್ ಕಡೆ ಎಡವ್ತಿದ್ದೆ. ಒಂದು ಅಂಗಡಿಯವ್ರು 30% ಕಮಿಷನ್ ಅಂದ್ರು, ನಾನು 540ಕ್ಕೆ 30% ಸೇರ್ಸಿ 702 ಅಂತ ಹೇಳೋಳಿದ್ದೆ. ಆದ್ರೆ ಅವ್ರು ಮುರ್ಕೊಳೋದು 702ರ ಮೇಲೆ, ಕೈಗೆ ಬರೋದು 491 ಅಷ್ಟೇ. ಕಮಿಷನ್ ಹೋಗಿ ನನಗೆ ಉಳಿಯೋದು 70%, ಅದಕ್ಕೆ 540ನ 0.7ರಿಂದ ಭಾಗಿಸ್ಬೇಕು, ಆಗ 771 ಬರತ್ತೆ. ಅಲ್ಲಿಗೆ 775 ಹೇಳಿದೀನಿ, ನೇರವಾಗಿ ತಗೊಳೋರಿಗೂ ಅದೇ ರೇಟ್ ಇಡ್ಬೇಕಾ ಅಂತ ಇನ್ನೂ ಯೋಚ್ನೆ ಮಾಡ್ತಿದೀನಿ.